ಸಣ್ಣ ಹೈನುಗಾರರಿಗೆ ಎಮ್ಮೆ ತಳಿಯ ಆಯ್ಕೆ: ಮುರ್ರಾ, ಜಾಫರಾಬಾದಿ, ಸೂರ್ತಿ
(ಗ್ರಾಮ ಪಂಚಾಯತ್ ಸದಸ್ಯರ ಮಾಹಿತಿ ಸಭೆಯ ಉಪನ್ಯಾಸದ ಪಾಠ)



ಕುಂದಾಪುರ, ಬೈಂದೂರು ಮತ್ತು ಬ್ರಹ್ಮಾವರ ತಾಲೂಕುಗಳಲ್ಲಿ ಎಮ್ಮೆ ಸಾಕಲು ಸಾಲ ಕೇಳುವ ಕುಟುಂಬಗಳು ಸಾಮಾನ್ಯವಾಗಿ ಮೊದಲು ಕೇಳುವ ಪ್ರಶ್ನೆ, "ಯಾವ ತಳಿ ಹೆಚ್ಚು ಹಾಲು ಕೊಡುತ್ತದೆ?" ಎಂಬುದು. ಈ ಪ್ರಶ್ನೆಯೇ ಅನೇಕರನ್ನು ದಾರಿ ತಪ್ಪಿಸುತ್ತದೆ. ಹಟ್ಟಿಯಲ್ಲಿರುವ ಮೇವು, ನೀರು ಮತ್ತು ಆರೈಕೆಗೆ ಯಾವ ತಳಿ ಹೊಂದುತ್ತದೆ ಎಂಬುದೇ ಕೇಳಬೇಕಾದ ಪ್ರಶ್ನೆ. ಆಯ್ಕೆ ತಪ್ಪಿದರೆ ಎಮ್ಮೆ ಬತ್ತಿದ ಮೇಲೂ ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ.

ಮೊದಲಿಗೆ ತಳಿಗಳ ಪರಿಚಯ. ಮುರ್ರಾ ಹರಿಯಾಣದ ತಳಿ. ಸುರುಳಿಯಾಗಿ ಬಿಗಿದು ಸುತ್ತಿದ ಗಿಡ್ಡ ಕೊಂಬುಗಳು ಮತ್ತು ಕಡುಗಪ್ಪು ಮೈಬಣ್ಣ ಇದರ ಗುರುತು. ಜಾಫರಾಬಾದಿ ಗುಜರಾತಿನ ಸೌರಾಷ್ಟ್ರದ್ದು. ಉಬ್ಬಿದ ಹಣೆ ಮತ್ತು ಕುತ್ತಿಗೆಯ ಇಕ್ಕೆಲಗಳಲ್ಲಿ ಜೋತುಬಿದ್ದು ತುದಿಯಲ್ಲಿ ಮೇಲಕ್ಕೆ ತಿರುಗುವ ಭಾರವಾದ ಕೊಂಬುಗಳಿಂದ ಅದನ್ನು ದೂರದಿಂದಲೇ ಗುರುತಿಸಬಹುದು. ಸೂರ್ತಿಯೂ ಗುಜರಾತಿನದೇ, ಖೇಡಾ ಮತ್ತು ವಡೋದರಾ ಭಾಗದ್ದು. ಅದು ಮಧ್ಯಮ ಗಾತ್ರದ ತಳಿ. ಕೊಂಬು ಕುಡುಗೋಲಿನಂತೆ ಬಾಗಿದ್ದು, ದವಡೆಯ ಕೆಳಗೊಂದು, ಎದೆಯ ಮೇಲೊಂದು ಬಿಳಿ ಪಟ್ಟಿ ಇರುತ್ತದೆ. ಮುರ್ರಾ ಮತ್ತು ಸೂರ್ತಿಯ ಮಿಶ್ರಣದಿಂದ ಬಂದದ್ದು ಮೆಹ್ಸಾಣಾ. ನಮ್ಮ ರಾಜ್ಯದ ಧಾರವಾಡಿ ಎಮ್ಮೆಗೂ ಪ್ರತ್ಯೇಕ ತಳಿಯೆಂಬ ರಾಷ್ಟ್ರೀಯ ಮಾನ್ಯತೆ ದೊರೆತಿದೆ.

ಈ ತಳಿಗಳ ನಡುವಿನ ಮುಖ್ಯ ವ್ಯತ್ಯಾಸ ಮೈತೂಕದಲ್ಲಿದೆ. ಎಮ್ಮೆಯೊಂದಕ್ಕೆ ದಿನಕ್ಕೆ ತನ್ನ ತೂಕದ ಶೇಕಡಾ ಎರಡೂವರೆಯಷ್ಟಾದರೂ ಒಣ ಆಹಾರ, ಅಂದರೆ ನೀರಿನಂಶ ಕಳೆದು ಲೆಕ್ಕ ಹಾಕಿದ ಮೇವು, ಬೇಕಾಗುತ್ತದೆ. 400 ಕಿಲೋ ತೂಗುವ ಸೂರ್ತಿಗೆ ಇದು 10 ಕಿಲೋ. 500 ಕಿಲೋ ತೂಗುವ ಮುರ್ರಾಕ್ಕೆ ಹನ್ನೆರಡೂವರೆ ಕಿಲೋ. 600 ಕಿಲೋ ತೂಗುವ ಜಾಫರಾಬಾದಿಗೆ 15 ಕಿಲೋ. ಹಾಲು ಕೊಡಲಿ, ಬಿಡಲಿ, ದೊಡ್ಡ ಮೈಯನ್ನು ಸಾಕುವ ಈ ವೆಚ್ಚ ತಪ್ಪುವುದಿಲ್ಲ.

ಒಂದು ಕುಟುಂಬದ ಲೆಕ್ಕವನ್ನು ಉದಾಹರಣೆಯಾಗಿ ನೋಡಬಹುದು. ಆ ಮನೆಯಲ್ಲಿ ಎರಡು ಎಮ್ಮೆ, ಒಂದು ಕರೆಯುವುದು, ಇನ್ನೊಂದು ಬತ್ತಿದ್ದು. 25 ಸೆಂಟ್ಸ್ ಜಾಗದಲ್ಲಿ ನೇಪಿಯರ್ ಹುಲ್ಲಿದ್ದು ವರ್ಷಕ್ಕೆ 20 ಟನ್ ಬರುತ್ತದೆ ಎಂದಿಟ್ಟುಕೊಳ್ಳೋಣ. ದಿನಕ್ಕೆ 55 ಕಿಲೋ ಹಸಿಹುಲ್ಲು. ಅದರಲ್ಲಿ ಐದರಲ್ಲೊಂದು ಪಾಲು ಮಾತ್ರ ಒಣ ಅಂಶವಾದ್ದರಿಂದ ನಿಜವಾಗಿ ದೊರೆಯುವುದು 11 ಕಿಲೋ. ಸ್ವಂತ ಗದ್ದೆಯ ಬೈಹುಲ್ಲು ದಿನಕ್ಕೆ 5 ಕಿಲೋ, ಅದರಿಂದ ನಾಲ್ಕೂವರೆ ಕಿಲೋ. ಹಿಂಡಿಯನ್ನು ಪ್ರತಿ ಎಮ್ಮೆಗೆ ಒಂದೂವರೆ ಕಿಲೋ, ಜತೆಗೆ ಪ್ರತಿ ಎರಡು ಲೀಟರ್ ಹಾಲಿಗೆ ಒಂದು ಕಿಲೋ ಹೆಚ್ಚುವರಿಯಾಗಿ ಕೊಡುವುದು ರೂಢಿ. ಸೂರ್ತಿ ಆರು ಲೀಟರ್ ಕೊಟ್ಟರೆ ಎರಡು ಎಮ್ಮೆಗೂ ಸೇರಿ ಹಿಂಡಿ 6 ಕಿಲೋ. ಒಟ್ಟು ಒಣ ಆಹಾರ ಸುಮಾರು 21 ಕಿಲೋ ಆಗುತ್ತದೆ. ಎರಡು ಸೂರ್ತಿಗಳಿಗೆ ಬೇಕಾದ 20 ಕಿಲೋಗೆ ಇದು ಸಾಕು.

ಅದೇ ಹಟ್ಟಿಯಲ್ಲಿ ಎರಡು ಮುರ್ರಾಗಳಿದ್ದು, ಕರೆಯುವುದು ಎಂಟು ಲೀಟರ್ ಕೊಟ್ಟರೆ ಹಿಂಡಿ 7 ಕಿಲೋಗೆ ಏರುತ್ತದೆ. ಆದರೂ ದಿನಕ್ಕೆ ಮೂರೂವರೆ ಕಿಲೋ ಬೈಹುಲ್ಲನ್ನು ಹೊರಗಿನಿಂದ ಕೊಳ್ಳಬೇಕು. ಹೆಚ್ಚುವರಿ ಎರಡು ಲೀಟರ್ ಹಾಲು ಈ ವೆಚ್ಚವನ್ನು ಭರಿಸೀತು. ಜಾಫರಾಬಾದಿಗಳಾದರೆ, ಅಷ್ಟೇ ಹಾಲಿಗೆ ದಿನಕ್ಕೆ 9 ಕಿಲೋ, ವರ್ಷಕ್ಕೆ ಮೂರು ಟನ್ನಿಗೂ ಮಿಕ್ಕಿ ಬೈಹುಲ್ಲು ಕೊಳ್ಳಬೇಕಾಗುತ್ತದೆ. ಯಂತ್ರದಿಂದ ಕಟಾವಾಗಿ ಹುಲ್ಲು ಗದ್ದೆಯಲ್ಲೇ ಮಳೆಗೆ ನೆನೆದು ಹಾಳಾಗುವ ವರ್ಷಗಳಲ್ಲಿ ಅದು ಹಣ ಕೊಟ್ಟರೂ ಸುಲಭವಾಗಿ ದೊರೆಯದು. ಮೇವು ಕಡಿಮೆಯಾದ ಜಾಫರಾಬಾದಿ ತನ್ನ ತಳಿಯ ಹಾಲನ್ನು ಕೊಡುವುದಿಲ್ಲ, ಮೈಯನ್ನಷ್ಟೇ ಉಳಿಸಿಕೊಳ್ಳುತ್ತದೆ.

ಎರಡನೆಯ ವಿಚಾರ ಸೆಕೆ. ಎಮ್ಮೆಗೆ ಬೆವರಿನ ಗ್ರಂಥಿಗಳು ಕಡಿಮೆ, ಕಪ್ಪು ಮೈ ಬಿಸಿಲನ್ನು ಹೀರುತ್ತದೆ. ಕರಾವಳಿಯ ತೇವದ ಗಾಳಿಯಲ್ಲಿ ಮೈಯ ಬಿಸಿ ಆರುವುದು ಇನ್ನೂ ನಿಧಾನ. ಆದುದರಿಂದ ಮಾರ್ಚಿನಿಂದ ಮೇ ತನಕ ಕೆರೆಯಲ್ಲಿ ಮಲಗುವ ಅವಕಾಶ, ಇಲ್ಲವೇ ದಿನಕ್ಕೆ ಎರಡು ಮೂರು ಬಾರಿ ಮೈಗೆ ನೀರು ಅನಿವಾರ್ಯ. ಆ ತಿಂಗಳುಗಳಲ್ಲೇ ಬಾವಿ ಬತ್ತುವ ಮನೆಗೆ ಯಾವ ದೊಡ್ಡ ತಳಿಯೂ ಹೊಂದದು. ನಸುಕಿನಲ್ಲಿಯೂ ಎಮ್ಮೆ ಬಾಯಿ ತೆರೆದು ಏದುಸಿರು ಬಿಡುತ್ತಿದ್ದರೆ, ಹಿಂಡಿ ತಿನ್ನದೆ ನಿಂತರೆ, ಸೆಕೆ ಮಿತಿ ಮೀರಿದೆ ಎಂದೇ ಅರ್ಥ.

ಸೆಕೆಯ ಹೆಚ್ಚಿನ ನಷ್ಟ ಹಾಲಿಗಿಂತ ಗಬ್ಬದಲ್ಲಿ ಕಾಣಿಸುತ್ತದೆ. ಬೇಸಿಗೆಯಲ್ಲಿ ಎಮ್ಮೆಯ ಬೆದೆ ಮೌನವಾಗಿರುತ್ತದೆ. ಅದು ಕೂಗುವುದಿಲ್ಲ. ಗಾಜಿನಂಥ ಲೋಳೆ, ಪದೇ ಪದೇ ಮೂತ್ರ, ಹಾಲು ಸ್ವಲ್ಪ ಇಳಿಯುವುದು ಇವಷ್ಟೇ ಸೂಚನೆ. ಅವು ನಸುಕಿನಲ್ಲಿ ಮತ್ತು ರಾತ್ರಿ ಹೆಚ್ಚಾಗಿ ಕಾಣುತ್ತವೆ. ಒಂದು ಬೆದೆ ತಪ್ಪಿದರೆ ಮುಂದಿನದಕ್ಕೆ 21 ದಿನ ಕಾಯಬೇಕು. 1,800 ಲೀಟರ್ ಕೊಡುವ ಮುರ್ರಾ 450 ದಿನಕ್ಕೊಮ್ಮೆ ಕರು ಹಾಕಿದರೆ ದಿನದ ಸರಾಸರಿ ಹಾಲು 4 ಲೀಟರ್. ಕರುವಿನ ಅಂತರ 600 ದಿನಕ್ಕೆ ಬೆಳೆದರೆ ಅದೇ ಎಮ್ಮೆಯ ಸರಾಸರಿ 3 ಲೀಟರಿಗೆ ಇಳಿಯುತ್ತದೆ. 1,500 ಲೀಟರ್ ಕೊಟ್ಟು 450 ದಿನಕ್ಕೆ ಕರು ಹಾಕುವ ಸೂರ್ತಿ ಆಗ ಅದನ್ನು ಮೀರಿಸುತ್ತದೆ. ಸಂತೆಯಲ್ಲಿ ಹೇಳುವ ದಿನದ ಹಾಲಿಗಿಂತ ಎರಡು ಕರುಗಳ ನಡುವಿನ ಸರಾಸರಿಯೇ ನಿಜವಾದ ಅಳತೆ.

ಕೊಳ್ಳುವಾಗ ಎರಡನೆಯ ಅಥವಾ ಮೂರನೆಯ ಸೂಲಿನ, ಕರು ಜತೆಗಿರುವ ಎಮ್ಮೆ ಉತ್ತಮ. ಮಾರುವವರು ಒಂದು ಹೊತ್ತು ಕರೆಯದೆ ಬಿಟ್ಟು ಕೆಚ್ಚಲು ತುಂಬಿಸಿ ತೋರಿಸುವುದುಂಟು. ಆದ್ದರಿಂದ ಸಂಜೆ ಎದುರಿನಲ್ಲೇ ಪೂರ್ತಿ ಕರೆಸಿ, ಆ ಹಾಲನ್ನು ಲೆಕ್ಕಕ್ಕೆ ಹಿಡಿಯದೆ, ಮರುದಿನದ ಬೆಳಗು ಸಂಜೆಯ ಹಾಲನ್ನು ಅಳೆಯಬೇಕು. ಬ್ರುಸೆಲ್ಲೋಸಿಸ್ ರಕ್ತಪರೀಕ್ಷೆ ಮಾಡಿಸದೆ ಹಣ ಕೊಡಬಾರದು. ಗಳಲೆ ರೋಗ ಎಮ್ಮೆಗಳಿಗೆ ಬಹಳ ಮಾರಕವಾದುದರಿಂದ ಮಳೆಗಾಲಕ್ಕೆ ಮುನ್ನ ಲಸಿಕೆ ಹಾಕಿಸಬೇಕು. ಹರಿಯಾಣದ ಒಣ ಹವೆಯಿಂದ ನೇರವಾಗಿ ತಂದ ಎಮ್ಮೆಗಿಂತ ನಮ್ಮ ರಾಜ್ಯದಲ್ಲೇ ಹುಟ್ಟಿ ಒಗ್ಗಿಕೊಂಡ ಮುರ್ರಾ ಸುರಕ್ಷಿತ.

ಊರಿನ ಎಮ್ಮೆ ಈಗಾಗಲೇ ಇರುವ ಮನೆಗೆ ಖರೀದಿಯ ಅಗತ್ಯವೇ ಇಲ್ಲದಿರಬಹುದು. ಒಮ್ಮೆ ಕರು ಹಾಕಿದ ಎಮ್ಮೆಗೆ ಮುರ್ರಾ ಅಥವಾ ಸೂರ್ತಿಯ ಕೃತಕ ಗರ್ಭಧಾರಣೆ ಮಾಡಿಸಿ, ಮುಂದಿನ ತಲೆಮಾರುಗಳಲ್ಲಿಯೂ ಅದೇ ತಳಿಯನ್ನು ಮುಂದುವರಿಸಬೇಕು. ಹುಟ್ಟಿದ ಎಮ್ಮೆಗರು ಹಾಲಿಗೆ ಬರಲು ಮೂರೂವರೆಯಿಂದ ನಾಲ್ಕು ವರ್ಷ ಬೇಕು. ಆದರೆ ಸಾಲದ ಭಾರವಿಲ್ಲ.

ಫಲಾನುಭವಿಗಳ ಅರ್ಜಿಯನ್ನು ಗ್ರಾಮಸಭೆಗೆ ಮಂಡಿಸುವ ಮುನ್ನ ಸದಸ್ಯರು ನಾಲ್ಕು ವಿಷಯಗಳನ್ನು ವಿಚಾರಿಸುವುದು ಸೂಕ್ತ. ಏಪ್ರಿಲ್ ತಿಂಗಳಲ್ಲಿ ಬಾವಿಯಲ್ಲಿ ನೀರಿರುತ್ತದೆಯೇ? ಹುಲ್ಲಿಗೆ ಎಷ್ಟು ಸೆಂಟ್ಸ್ ಜಾಗವಿದೆ? ಬೆದೆ ಕಂಡ ದಿನವೇ ಗರ್ಭಧಾರಣೆ ಮಾಡುವವರು ಬರುತ್ತಾರೆಯೇ? ಊರಿನ ಹಾಲು ಸಂಘದಲ್ಲಿ ಎಮ್ಮೆಹಾಲಿನ ಹೆಚ್ಚಿನ ಜಿಡ್ಡಿಗೆ ಎಷ್ಟು ದರ ಸಿಗುತ್ತದೆ? ನಾಲ್ಕಕ್ಕೂ ತೃಪ್ತಿಕರ ಉತ್ತರವಿದ್ದಲ್ಲಿ ಮುರ್ರಾ ಆಗಬಹುದು. ಮೇವು ಮಾತ್ರ ಕಡಿಮೆಯಿದ್ದಲ್ಲಿ ಸೂರ್ತಿ ಅಥವಾ ಅದರ ಮಿಶ್ರತಳಿ. ಜಾಫರಾಬಾದಿಯನ್ನು ಎಕರೆಗಟ್ಟಲೆ ಹುಲ್ಲು ಬೆಳೆಯುವವರಿಗೆ ಬಿಡುವುದು ಲೇಸು. ನೀರೇ ಇಲ್ಲದ ಮನೆಯ ಅರ್ಜಿಯಲ್ಲಿ ಮೊದಲು ತೀರ್ಮಾನವಾಗಬೇಕಾದುದು ಬಾವಿಯ ವಿಷಯ, ಎಮ್ಮೆಯದು ಅನಂತರ.