ಒಂದು ಪಾಠ, ಅರವತ್ತು ಕಾರ್ಡು

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ಹತ್ತನೇ ತರಗತಿಯ ಮಕ್ಕಳಿಗಾಗಿ ನೀಡಿದ ಉಪನ್ಯಾಸದ ಬರಹರೂಪ)



ಓದುವುದು ಹೇಗೆ ಎಂಬ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ನನಗೆ ಸೂಚನೆ ಬಂದಿದೆ. ಒಂದೇ ಒಂದು ಪಾಠವನ್ನು ಹಿಡಿದುಕೊಂಡು, ಅದನ್ನು ಪ್ರಶ್ನೆ-ಉತ್ತರದ ಕಾರ್ಡುಗಳನ್ನಾಗಿ ಮಾಡುವುದು ಹೇಗೆ ಎಂಬುದನ್ನಷ್ಟೇ ಇಂದು ಹೇಳುತ್ತೇನೆ. ಪಾಠ ನಿಮಗೆಲ್ಲ ಗೊತ್ತಿರುವ ‘ಜೀವಕ್ರಿಯೆಗಳು’. ವಿಜ್ಞಾನದ ಮೇಷ್ಟ್ರಾಗಿ ನಾನು ಅತಿ ಹೆಚ್ಚು ಸಲ ಮಾಡಿರುವ ಪಾಠ ಅದು. ಮಕ್ಕಳು ಅತಿ ಹೆಚ್ಚು ಸಲ ಓದಿ, ಆಮೇಲೆ ಬರೆಯಲು ಕುಳಿತಾಗ ತಡವರಿಸುವ ಪಾಠವೂ ಅದೇ.

ತಡವರಿಕೆಗೆ ಕಾರಣ ಓದದೇ ಇರುವುದಲ್ಲ. ಪುಟವನ್ನು ನಾಲ್ಕನೆಯ ಸಲ ಓದುವಾಗ ಪ್ರತಿ ವಾಕ್ಯವೂ ಪರಿಚಿತವಾಗಿ ಕಾಣುತ್ತದೆ. ಕಂಡ ಮುಖ ಗುರುತಾಗುವುದು ಬೇರೆ, ಆ ವ್ಯಕ್ತಿಯ ಹೆಸರು ನೆನಪಿಗೆ ಬರುವುದು ಬೇರೆ. ಪರೀಕ್ಷೆ ಕೇಳುವುದು ಹೆಸರನ್ನು. 2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಇಬ್ಬರು ಮನೋವಿಜ್ಞಾನಿಗಳು ಇದನ್ನು ವಿದ್ಯಾರ್ಥಿಗಳ ಮೇಲೆ ಪ್ರಯೋಗ ಮಾಡಿ ನೋಡಿದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರ ಬಿಟ್ಟು ಕೇಳಿದಾಗ, ಓದಿದ್ದನ್ನು ಮುಚ್ಚಿಟ್ಟು ನೆನಪು ಮಾಡಿಕೊಂಡು ಬರೆದವರು ಮುಂದೆ ಬಂದರು. ಕಾರ್ಡು ಮಾಡಿಸುವ ಕೆಲಸ ಇದೇ: ಪುಟವನ್ನು ಮುಚ್ಚಿಸಿ ಕೇಳುವುದು.

ಸಾಮಗ್ರಿಗೆ ಖರ್ಚಿಲ್ಲ. ಹಳೆಯ ಲಗ್ನಪತ್ರಿಕೆಗಳ ಖಾಲಿ ಬದಿ, ಕ್ಯಾಲೆಂಡರಿನ ಹಿಂಬದಿ ಏನಾದರೂ ಆದೀತು. ಕಾಗದ ಕೊಂಚ ದಪ್ಪಗಿರಲಿ, ಹಿಂದಿನ ಬರಹ ಮುಂದಕ್ಕೆ ಕಾಣಬಾರದು. ಅಂಗೈಯಗಲಕ್ಕೆ ಕತ್ತರಿಸಿಕೊಳ್ಳಿ. ಒಂದು ಬದಿ ಪ್ರಶ್ನೆ, ಇನ್ನೊಂದು ಬದಿ ಉತ್ತರ.

ಮೊದಲ ಹೆಜ್ಜೆಯಲ್ಲಿ ಕಾರ್ಡು ಮುಟ್ಟಬೇಡಿ. ಪಾಠದ ಶೀರ್ಷಿಕೆ, ಉಪಶೀರ್ಷಿಕೆಗಳನ್ನು ಮಾತ್ರ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಈ ಪಾಠದಲ್ಲಿ ದೊಡ್ಡ ಮನೆಗಳು ನಾಲ್ಕು: ಪೋಷಣೆ, ಉಸಿರಾಟ, ಸಾಗಾಣಿಕೆ, ವಿಸರ್ಜನೆ. ಸಾಗಾಣಿಕೆಯೊಳಗೆ ಮತ್ತೆ ಎರಡು ಕೋಣೆ: ಮಾನವರಲ್ಲಿ, ಸಸ್ಯಗಳಲ್ಲಿ. ಮಾನವರಲ್ಲಿ ಎಂಬುದರೊಳಗೆ ಹೃದಯ, ರಕ್ತನಾಳಗಳು, ರಕ್ತ ಹೆಪ್ಪುಗಟ್ಟುವಿಕೆ, ದುಗ್ಧರಸ. ಈ ಹಾಳೆಯೇ ನಿಮ್ಮ ಕಂತೆಗಳ ಪಟ್ಟಿ. ಪ್ರತಿ ಕಾರ್ಡಿನ ಮೂಲೆಯಲ್ಲಿ ಅದು ಯಾವ ಕಂತೆಯದು, ಎಷ್ಟನೆಯದು, ಪುಸ್ತಕದ ಎಷ್ಟನೇ ಪುಟದ್ದು ಎಂದು ಸಣ್ಣದಾಗಿ ಬರೆಯಿರಿ. ‘ಸಾ 7’ ಎಂದರೆ ಸಾಗಾಣಿಕೆಯ ಏಳನೇ ಕಾರ್ಡು. ಈ ಗುರುತು ಏಕೆ ಬೇಕು ಎಂಬುದನ್ನು ಮುಂದೆ ಹೇಳುತ್ತೇನೆ.

ಈಗ ಹೃದಯದ ಭಾಗವನ್ನೇ ತೆಗೆದುಕೊಳ್ಳೋಣ. ಒಂದು ಪ್ಯಾರಾ ಓದಿ, ಪುಸ್ತಕ ಮುಚ್ಚಿ, ‘ಈ ಪ್ಯಾರಾ ಯಾವ ಪ್ರಶ್ನೆಗಳಿಗೆ ಉತ್ತರ ಕೊಟ್ಟಿತು?’ ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಬಹಳ ಮಕ್ಕಳು ಇಲ್ಲಿ ಒಂದೇ ಕಾರ್ಡು ಬರೆಯುತ್ತಾರೆ: ‘ಹೃದಯದ ಕಾರ್ಯವನ್ನು ವಿವರಿಸಿ.’ ಹಿಂದುಗಡೆ ಇರುವೆ ಸಾಲಿನಂತೆ ಹನ್ನೆರಡು ಗೆರೆ. ಅದು ಕಾರ್ಡಲ್ಲ, ಸಣ್ಣ ಅಕ್ಷರದ ಪುಸ್ತಕ. ಅರ್ಧ ಉತ್ತರ ಬಂದು ಅರ್ಧ ಬಾರದಿದ್ದರೆ ಸರಿ ಎನ್ನಬೇಕೋ ತಪ್ಪೆನ್ನಬೇಕೋ ಗೊತ್ತಾಗುವುದಿಲ್ಲ. ಒಂದು ಕಾರ್ಡಿಗೆ ಒಂದೇ ಪ್ರಶ್ನೆ, ಒಂದೇ ಉತ್ತರ. ಹಾಗೆ ಒಡೆದರೆ ಅದೇ ಭಾಗ ಹೀಗಾಗುತ್ತದೆ:

ಸಾ 1. ಹೃದಯದಲ್ಲಿ ಬೇರೆ ಬೇರೆ ಕೋಣೆಗಳು ಏಕಿವೆ? — ಆಕ್ಸಿಜನ್ ಹೆಚ್ಚಿರುವ ರಕ್ತ ಮತ್ತು ಕಾರ್ಬನ್ ಡೈಆಕ್ಸೈಡ್ ಹೆಚ್ಚಿರುವ ರಕ್ತ ಬೆರೆಯದಂತೆ ತಡೆಯಲು.

ಸಾ 2. ಶ್ವಾಸಕೋಶದಿಂದ ಬಂದ ರಕ್ತ ಹೃದಯದ ಯಾವ ಕೋಣೆಯನ್ನು ಮೊದಲು ಸೇರುತ್ತದೆ? — ಎಡ ಹೃತ್ಕರ್ಣ.

ಸಾ 3. ದೇಹದ ಎಲ್ಲ ಭಾಗಗಳಿಗೆ ರಕ್ತವನ್ನು ತಳ್ಳುವ ಹೃದಯದ ಕೋಣೆ ಯಾವುದು? — ಎಡ ಹೃತ್ಕುಕ್ಷಿ.

ಸಾ 4. ದೇಹದ ಭಾಗಗಳಿಂದ ಮರಳಿದ ರಕ್ತ ಹೃದಯದ ಯಾವ ಕೋಣೆಗೆ ಬರುತ್ತದೆ? — ಬಲ ಹೃತ್ಕರ್ಣ.

ಸಾ 5. ಬಲ ಹೃತ್ಕುಕ್ಷಿ ರಕ್ತವನ್ನು ಎಲ್ಲಿಗೆ ತಳ್ಳುತ್ತದೆ? — ಶ್ವಾಸಕೋಶಗಳಿಗೆ.

ಸಾ 6. ಹೃತ್ಕುಕ್ಷಿಗಳ ಗೋಡೆ ಹೃತ್ಕರ್ಣಗಳ ಗೋಡೆಗಿಂತ ದಪ್ಪವಾಗಿರುವುದೇಕೆ? — ಅವು ರಕ್ತವನ್ನು ಹೃದಯದಿಂದ ಹೊರಗೆ, ಅಂಗಗಳವರೆಗೆ ತಳ್ಳಬೇಕು.

ಸಾ 7. ಹೃದಯದ ಕವಾಟಗಳ ಕೆಲಸವೇನು? — ಕೋಣೆಗಳು ಸಂಕುಚಿಸಿದಾಗ ರಕ್ತ ಹಿಮ್ಮುಖವಾಗಿ ಹರಿಯದಂತೆ ತಡೆಯುವುದು.

ಸಾ 8. ಇಮ್ಮಡಿ ಪರಿಚಲನೆ ಎಂದರೇನು? — ಒಂದು ಪೂರ್ಣ ಸುತ್ತಿನಲ್ಲಿ ರಕ್ತ ಹೃದಯದ ಮೂಲಕ ಎರಡು ಬಾರಿ ಹಾದುಹೋಗುವುದು.

ಇವುಗಳಲ್ಲಿ ಎರಡು ಸಂಗತಿ ಗಮನಿಸಿ. ಒಂದು, ‘ಏಕೆ’ ಎನ್ನುವ ಪ್ರಶ್ನೆಗಳು ಇವೆ. ಹೆಸರು ಕೇಳುವ ಕಾರ್ಡು ಬರೆಯುವುದು ಸುಲಭ, ಅದಕ್ಕೇ ಮಕ್ಕಳ ಕಂತೆಯಲ್ಲಿ ಅವೇ ತುಂಬಿರುತ್ತವೆ. ಪುಸ್ತಕದಲ್ಲಿ ‘ಏಕೆಂದರೆ’, ‘ಆದ್ದರಿಂದ’ ಎಂಬ ಪದ ಬಂದಲ್ಲೆಲ್ಲ ಪೆನ್ಸಿಲ್ ಗುರುತು ಹಾಕಿ. ಅಲ್ಲೊಂದು ಕಾರಣದ ಕಾರ್ಡು ಇರುತ್ತದೆ. ಎರಡು, ‘ಅದರ ಕೆಲಸವೇನು?’ ಎಂದು ಎಲ್ಲಿಯೂ ಬರೆದಿಲ್ಲ. ಬರೆಯುವ ದಿನ ‘ಅದು’ ಯಾವುದೆಂದು ನಿಮಗೆ ಗೊತ್ತಿರುತ್ತದೆ. ಹದಿನೈದು ದಿನ ಬಿಟ್ಟು ಕಾರ್ಡು ಒಂಟಿಯಾಗಿ ಕೈಗೆ ಬಂದಾಗ ಗೊತ್ತಿರುವುದಿಲ್ಲ. ಕಾರ್ಡನ್ನು ಪಕ್ಕದ ಬೆಂಚಿನವರಿಗೆ ಕೊಟ್ಟು ನೋಡಿ. ‘ಯಾವುದರ ಬಗ್ಗೆ ಕೇಳ್ತಿದ್ದೀಯ?’ ಎಂದು ಅವರು ಕೇಳಿದರೆ ಆ ಪ್ರಶ್ನೆಯನ್ನು ತಿದ್ದಬೇಕು.

ಮುಂದೆ ರಕ್ತನಾಳಗಳು. ‘ಅಪಧಮನಿ ಎಂದರೇನು?’ ಎಂಬ ಕಾರ್ಡಿಗೆ ಉತ್ತರ: ರಕ್ತವನ್ನು ಹೃದಯದಿಂದ ಅಂಗಗಳಿಗೆ ಒಯ್ಯುವ ನಾಳ. ಮಕ್ಕಳು ಇದನ್ನು ‘ಶುದ್ಧ ರಕ್ತ ಒಯ್ಯುವ ನಾಳ’ ಎಂದು ಕಲಿತುಬಿಡುತ್ತಾರೆ. ಅದಕ್ಕಾಗಿ ಬೆನ್ನಿಗೇ ಇನ್ನೊಂದು ಕಾರ್ಡು ಬರೆಯಿರಿ: ‘ಆಕ್ಸಿಜನ್ ಕಡಿಮೆಯಿರುವ ರಕ್ತವನ್ನು ಒಯ್ಯುವ ಅಪಧಮನಿ ಯಾವುದು?’ ಉತ್ತರ: ಬಲ ಹೃತ್ಕುಕ್ಷಿಯಿಂದ ಶ್ವಾಸಕೋಶಕ್ಕೆ ಹೋಗುವ ಅಪಧಮನಿ. ವ್ಯಾಖ್ಯೆ ಇರುವುದು ದಿಕ್ಕಿನಲ್ಲಿ, ರಕ್ತದ ಬಗೆಯಲ್ಲಲ್ಲ ಎಂಬುದು ಈ ಎರಡನೆಯ ಕಾರ್ಡಿನಿಂದ ಖಚಿತವಾಗುತ್ತದೆ. ಎಲ್ಲಿ ತಪ್ಪು ತಿಳಿಯುವ ಸಂಭವವಿದೆಯೋ ಅಲ್ಲಿ ಹೀಗೆ ಜೋಡಿ ಕಾರ್ಡು ಇರಲಿ.

ಹೀಗೆ ಮಾಡುತ್ತ ಹೋದರೆ ಇಡೀ ಪಾಠಕ್ಕೆ ಸುಮಾರು ಅರವತ್ತು ಕಾರ್ಡು ಸಾಕು. ನೂರೈವತ್ತು ದಾಟಿತೆಂದರೆ ಪುಸ್ತಕದ ಪ್ರತಿ ವಾಕ್ಯವನ್ನೂ ಕಾರ್ಡಿಗಿಳಿಸಿದ್ದೀರಿ ಎಂದರ್ಥ. ಅಷ್ಟು ದಪ್ಪದ ಕಂತೆಯನ್ನು ಯಾರೂ ಎರಡನೇ ಸಲ ಬಿಚ್ಚುವುದಿಲ್ಲ.

ಕೆಲವು ಪ್ರಶ್ನೆಗಳು ಒಂದು ಕಂತೆಗೆ ಸೇರುವುದಿಲ್ಲ. ಶ್ವಾಸಕೋಶದ ಗಾಳಿಗೂಡು ಉಸಿರಾಟದಲ್ಲಿದೆ, ಮೂತ್ರಜನಕಾಂಗದ ನೆಫ್ರಾನ್ ವಿಸರ್ಜನೆಯಲ್ಲಿದೆ. ಪಾಠದ ಕೊನೆಯ ಅಭ್ಯಾಸದಲ್ಲಿ ಎರಡನ್ನೂ ಹೋಲಿಸಿ ಎಂದು ಕೇಳಿದ್ದಾರೆ. ಸಣ್ಣ ಕರುಳಿನ ವಿಲ್ಲೈಗಳನ್ನೂ ಇವುಗಳ ಜೊತೆ ಇಟ್ಟು ನೋಡಿ. ಮೂರರಲ್ಲೂ ತೆಳುವಾದ ಗೋಡೆ, ಲೋಮನಾಳಗಳ ಜಾಲ, ಹೆಚ್ಚಿನ ಮೇಲ್ಮೈ ವಿಸ್ತೀರ್ಣ. ಇಂಥ ನಾಲ್ಕೈದು ಪ್ರಶ್ನೆಗಳಿಗೆ ‘ಸೇತುವೆ’ ಎಂದು ಐದನೆಯ ಕಂತೆ ಮಾಡಿ. ನಾಲ್ಕು ಕಂತೆ ಮುಗಿದ ಮೇಲೆಯೇ ಇದನ್ನು ಬರೆಯಲು ಸಾಧ್ಯ. ಪಾಠವನ್ನು ಇಡಿಯಾಗಿ ನೋಡಿದ್ದೀರೋ ಇಲ್ಲವೋ ಎಂಬುದು ಇದರಲ್ಲೇ ತಿಳಿಯುತ್ತದೆ.

ಇನ್ನು ಬಳಸುವ ರೀತಿ. ಪ್ರಶ್ನೆ ಓದಿ, ಉತ್ತರವನ್ನು ಬಾಯಿಬಿಟ್ಟು ಹೇಳಿ, ಆಮೇಲೆ ತಿರುಗಿಸಿ. ಮನಸ್ಸಿನಲ್ಲೇ ‘ಗೊತ್ತು’ ಎಂದುಕೊಂಡು ತಿರುಗಿಸಿದರೆ ಮತ್ತೆ ಓದಿದಂತೆಯೇ ಆಯಿತು. ಜರ್ಮನಿಯ ಸೆಬಾಸ್ಟಿಯನ್ ಲೈಟ್ನರ್ ಎಂಬುವರು 1972ರಲ್ಲಿ ಬರೆದ ಪುಸ್ತಕವೊಂದರಲ್ಲಿ ಕಾರ್ಡುಗಳನ್ನು ಖಾನೆಗಳಿರುವ ಪೆಟ್ಟಿಗೆಯಲ್ಲಿಡುವ ಕ್ರಮ ಹೇಳಿದರು. ಅದನ್ನೇ ಸರಳ ಮಾಡಿಕೊಂಡರೆ ನಮಗೆ ಮೂರು ಖಾನೆ ಸಾಕು. ಹೊಸ ಕಾರ್ಡೆಲ್ಲ ಮೊದಲ ಖಾನೆಗೆ, ಅದನ್ನು ದಿನಾ ನೋಡಿ. ಸರಿ ಹೇಳಿದ್ದು ಎರಡನೆಯದಕ್ಕೆ, ಅದನ್ನು ಮೂರು ದಿನಕ್ಕೊಮ್ಮೆ ನೋಡಿ. ಅಲ್ಲಿಯೂ ಸರಿಯಾದರೆ ಮೂರನೆಯದಕ್ಕೆ, ಅದನ್ನು ವಾರಕ್ಕೊಮ್ಮೆ ನೋಡಿ. ಯಾವ ಖಾನೆಯಲ್ಲೇ ತಪ್ಪಿದರೂ ಕಾರ್ಡು ಮೊದಲ ಖಾನೆಗೆ ಹಿಂತಿರುಗಬೇಕು. ಗೊತ್ತಿರುವುದಕ್ಕೆ ಸಮಯ ಉಳಿಯುತ್ತದೆ, ಗೊತ್ತಿಲ್ಲದ್ದು ದಿನವೂ ಎದುರಿಗೆ ಬರುತ್ತದೆ.

ಹೀಗೆ ಖಾನೆಗೆ ಹಾಕಿದಾಗ ಕಂತೆಗಳು ಕಲೆತುಹೋಗುತ್ತವೆ. ಕಲೆಯಲೇಬೇಕು. ನಮ್ಮ ತರಗತಿಯ ಒಬ್ಬ ಹುಡುಗಿ ಸಾಗಾಣಿಕೆಯ ಕಾರ್ಡುಗಳಿಗೆಲ್ಲ ಪಟಪಟನೆ ಉತ್ತರಿಸುತ್ತಿದ್ದಳು. ಕಂತೆಯನ್ನು ಕಲಸಿ, ನಡುವೆ ಪೋಷಣೆ, ವಿಸರ್ಜನೆಯ ಕಾರ್ಡು ಸೇರಿಸಿ ಕೇಳಿದಾಗ ಎಡ ಹೃತ್ಕರ್ಣ ಎನ್ನುವಲ್ಲಿ ಬಲ ಹೃತ್ಕರ್ಣ ಎಂದಳು. ಅವಳು ಕಲಿತಿದ್ದು ಕಾರ್ಡುಗಳ ಸರದಿಯನ್ನು. ‘ಸಾ 2’ರ ಉತ್ತರ ‘ಸಾ 3’ಕ್ಕೆ ಸುಳಿವು ಕೊಡುತ್ತಿತ್ತು. ದಿನಾ ಕಲಸಿ ಕೇಳಿಕೊಂಡ ಮೇಲೆ ಎರಡೇ ವಾರದಲ್ಲಿ ಆ ಗೊಂದಲ ಹೋಯಿತು. ಸರದಿಯಲ್ಲಿ ಸರಿ, ಕಲಸಿದಾಗ ತಪ್ಪು ಎಂದಾದರೆ ಆ ಕಾರ್ಡು ಇನ್ನೂ ಬಂದಿಲ್ಲ ಎಂದೇ ಲೆಕ್ಕ.

ಹಾಗಾದರೆ ಉಪಶೀರ್ಷಿಕೆಯ ಪ್ರಕಾರ ಕಂತೆ ಕಟ್ಟಿದ್ದೇಕೆ? ಇಲ್ಲಿಯೇ ಮೂಲೆಯ ಗುರುತಿನ ಉಪಯೋಗ. ಕಾರ್ಡು ಒಂದು ಅಂಕದ ಪ್ರಶ್ನೆಗೆ ನೇರವಾಗಿ ಸಿದ್ಧಮಾಡುತ್ತದೆ. ನಾಲ್ಕು ಅಂಕದ ಉತ್ತರವನ್ನು ಜೋಡಿಸಿ ಬರೆಯುವುದನ್ನು ಬಿಡಿ ಕಾರ್ಡು ಕಲಿಸುವುದಿಲ್ಲ. ಅದು ಈ ಪದ್ಧತಿಯ ಮಿತಿ. ಆದ್ದರಿಂದ ವಾರಕ್ಕೊಂದು ದಿನ ಗುರುತು ನೋಡಿ ಕಾರ್ಡುಗಳನ್ನು ಮತ್ತೆ ಕಂತೆಗೆ ಸೇರಿಸಿ. ‘ಸಾ 1’ರಿಂದ ‘ಸಾ 8’ರವರೆಗೆ ನೆಲದ ಮೇಲೆ ಪ್ರಶ್ನೆ ಮೇಲಾಗಿ ಹರಡಿ. ಉತ್ತರಗಳನ್ನು ಒಂದಕ್ಕೊಂದು ಪೋಣಿಸಿ ರಕ್ತದ ದಾರಿಯನ್ನು ಕಥೆಯಂತೆ ಹೇಳಿ, ನಂತರ ಪುಸ್ತಕ ನೋಡದೆ ಒಂದು ಪುಟ ಬರೆಯಿರಿ. ‘ಹೃದಯದ ಕಾರ್ಯವನ್ನು ವಿವರಿಸಿ’ ಎಂಬ ಆ ದೊಡ್ಡ ಪ್ರಶ್ನೆಗೆ ಉತ್ತರ ಈಗ ನಿಮ್ಮ ಮುಂದೆ ಎಂಟು ತುಂಡುಗಳಲ್ಲಿ ಬಿದ್ದಿದೆ. ಬರೆದದ್ದರಲ್ಲಿ ಯಾವ ತುಂಡು ಬಿಟ್ಟುಹೋಯಿತೋ ಆ ಕಾರ್ಡು ಮೊದಲ ಖಾನೆಗೆ. ಚಿತ್ರಕ್ಕೆ ಕಾರ್ಡು ಸಾಲದು. ‘ಹೃದಯದ ಚಿತ್ರ ಬರೆದು ಭಾಗಗಳನ್ನು ಗುರುತಿಸು’ ಎಂದು ಮುಂದೆ ಬರೆದು, ಹಿಂದೆ ಪುಟಸಂಖ್ಯೆ ಮಾತ್ರ ಹಾಕಿ. ಬಿಳಿ ಹಾಳೆಯಲ್ಲಿ ಬರೆದು ಪುಸ್ತಕದೊಡನೆ ತಾಳೆ ನೋಡಿ.

ಕೊನೆಯದಾಗಿ ಒಂದು ಮಾತು. ಅಕ್ಕನ ಕಾರ್ಡು, ಗೆಳೆಯನ ಕಾರ್ಡು ಕೈಗೆ ಸಿಕ್ಕರೆ ಅವುಗಳಿಂದ ನಿಮ್ಮನ್ನು ಪರೀಕ್ಷಿಸಿಕೊಳ್ಳಿ, ಆದರೆ ನಿಮ್ಮ ಕಂತೆಯನ್ನು ನೀವೇ ಬರೆಯಿರಿ. ಪ್ಯಾರಾ ಓದಿ ಪುಸ್ತಕ ಮುಚ್ಚಿ ಪ್ರಶ್ನೆ ಹುಡುಕುವಾಗಲೇ ಪಾಠದ ಅರ್ಧ ಕಲಿಕೆ ಆಗಿರುತ್ತದೆ. ಇಂದು ಸಂಜೆ ಮನೆಗೆ ಹೋಗಿ ವಿಸರ್ಜನೆಯ ಭಾಗದಿಂದ ಶುರುಮಾಡಿ. ಚಿಕ್ಕ ಭಾಗ, ಎಂಟು ಹತ್ತು ಕಾರ್ಡಿನಲ್ಲಿ ಮುಗಿಯುತ್ತದೆ. ಸೋಮವಾರ ಮೊದಲ ಅವಧಿಯಲ್ಲಿ ಅವನ್ನು ತನ್ನಿ, ಕಲಸಿ ಕೇಳುತ್ತೇನೆ.