ಹೊರಡುವ ಹೊತ್ತಿನ ಲೆಕ್ಕ



ನಾನು ಗಿರಣಿಯೊಂದರಲ್ಲಿ ಹಾಜರಿ ಪುಸ್ತಕ ಬರೆಯುವ ಗುಮಾಸ್ತ. ಇನ್ನೂರು ಜನರ ಹೊತ್ತಿನ ಲೆಕ್ಕ ಇಡುವವನಿಗೆ ಮನೆಯಲ್ಲಿ ಒಬ್ಬರ ಲೆಕ್ಕ ಬಹಳ ಕಾಲ ತಿಳಿಯಲಿಲ್ಲ. ಎಲ್ಲಿಗೆ ಹೊರಟರೂ ನಮ್ಮ ಮನೆಯವಳು "ಹತ್ತೇ ನಿಮಿಷ, ಬಂದೆ" ಎನ್ನುವಳು. ಆಗುವುದು ಮುಕ್ಕಾಲು ಗಂಟೆ. ನಾನು ಬೂಟು ಹಾಕಿಕೊಂಡು ಬಾಗಿಲಲ್ಲಿ ನಿಂತು "ಆಯಿತೇ, ಆಯಿತೇ" ಎಂದು ಕೂಗುತ್ತಿದ್ದೆ. ಕೂಗಿದಷ್ಟೂ ಅವಳ ಕೈ ತಡವರಿಸುತ್ತಿತ್ತು.

ಒಂದು ಭಾನುವಾರ ಅವಳ ಒಪ್ಪಿಗೆಯಿಂದಲೇ ಗಡಿಯಾರ ನೋಡುತ್ತ ಬರೆದುಕೊಂಡೆ. ಹಾಲು ಕಾಯಿಸಿ ಮುಚ್ಚಿಡಲು 4 ನಿಮಿಷ, ನೀರು ತುಂಬಿಡಲು 12, ಮಗಳ ಜಡೆಗೆ 8, ಕಿಟಕಿ ಬೀಗ ನೋಡಿ ಪಕ್ಕದವರಿಗೆ ಕೀಲಿಕೈ ಕೊಡಲು 6, ಸೀರೆಗೆ 10. ಒಟ್ಟು 40. ಅವಳು ಹೇಳುತ್ತಿದ್ದ ಹತ್ತು ನಿಮಿಷ ಸುಳ್ಳಾಗಿರಲಿಲ್ಲ. ಅದು ಸೀರೆಯ ಲೆಕ್ಕ ಮಾತ್ರ. ಉಳಿದದ್ದನ್ನು ಅವಳೂ ಎಣಿಸಿರಲಿಲ್ಲ, ಬಾಗಿಲಲ್ಲಿ ನಿಂತ ನಾನಂತೂ ಎಣಿಸಿರಲಿಲ್ಲ. ಕೆಲಸಕ್ಕೆ ಬೇಕಾಗುವ ಹೊತ್ತನ್ನು ಮನುಷ್ಯರು ಕಡಿಮೆಯಾಗಿಯೇ ಅಂದಾಜು ಮಾಡುತ್ತಾರೆಂದು ಡೇನಿಯಲ್ ಕಾನೆಮನ್, ಆಮೋಸ್ ಟ್ವರ್ಸ್ಕಿ ಎಂಬ ಮನಶ್ಶಾಸ್ತ್ರಜ್ಞರು 1979ರಲ್ಲಿಯೇ ಬರೆದಿದ್ದರು. ಹಿಂದಿನ ಸಲ ಎಷ್ಟು ಹಿಡಿಯಿತೆಂಬುದನ್ನು ಬಿಟ್ಟು, ಎಲ್ಲವೂ ಸುಗಮವಾಗಿ ನಡೆದೀತೆಂದೇ ಎಣಿಸುತ್ತೇವೆ.

ಈಗ ಹಾಲು, ನೀರು, ಬೀಗ ನನ್ನ ಪಾಲು. ಅವಳಿಗೆ ಉಳಿದದ್ದು 18 ನಿಮಿಷ. "ಐದಕ್ಕೆ ಹೊರಡೋಣ" ಎನ್ನುವುದನ್ನು ಬಿಟ್ಟು "ನಾಲ್ಕೂವರೆಗೆ ಕೆಲಸ ಶುರು ಮಾಡೋಣ" ಎನ್ನುತ್ತೇವೆ. ಐದರ ಹೊತ್ತನ್ನು ನಾಲ್ಕೆಂದು ಸುಳ್ಳು ಹೇಳುವ ಉಪಾಯವನ್ನೂ ನಾನು ಮಾಡಿದ್ದುಂಟು. ಎರಡನೆಯ ಸಲಕ್ಕೇ ಬಯಲಾಯಿತು, ಮರ್ಯಾದೆಯೂ ಹೋಯಿತು.

ಆದರೆ ಇನ್ನೊಂದು ಬಗೆಯ ತಡವುಂಟು. ನನ್ನ ತಂಗಿಯ ಗಂಡ ಆಫೀಸಿನ ಲೋಕಲ್ ಗಾಡಿಯನ್ನು ಎಂದೂ ತಪ್ಪಿಸಿಕೊಂಡವರಲ್ಲ. ಇಸ್ಪೀಟಿನ ಗೆಳೆಯರಲ್ಲಿಗೂ ಮೊದಲೇ ಹಾಜರು. ಹೆಂಡತಿಯೊಡನೆ ಹೋಗಬೇಕಾದಾಗ ಮಾತ್ರ ಒಂದೂವರೆ ಗಂಟೆ ತಡ. ಜೇಬಿನಲ್ಲಿ ಫೋನಿದ್ದರೂ ಒಂದು ಮಾತು ತಿಳಿಸುವುದಿಲ್ಲ. ಕೇಳಿದರೆ, "ಕಾದರೆ ಸವೆದುಹೋಗುತ್ತೀಯಾ?" ಎಂದು ನಗೆ. ಎಲ್ಲರಿಗೂ ತಡಮಾಡಿ ತಾನೇ ನಷ್ಟಪಡುವವನಿಗೆ ಹೊತ್ತಿನ ಅಂದಾಜಿಲ್ಲ ಎನ್ನಬಹುದು. ಒಬ್ಬಳನ್ನು ಮಾತ್ರ ಕಾಯಿಸುವವನಿಗೆ ಹೊತ್ತು ಚೆನ್ನಾಗಿ ಗೊತ್ತು. ಅವಳ ಹೊತ್ತಿಗೆ ಬೆಲೆಯಿಲ್ಲ, ಅಷ್ಟೆ.

ತಂಗಿ ಅವರು ಬಂದ ಕೂಡಲೇ ಜಗಳ ತೆಗೆಯುವುದನ್ನು ಬಿಟ್ಟಳು. ಒಂದು ದಿನ ಊಟವಾದ ಮೇಲೆ ಹೇಳಿದಳು: "ಆರಕ್ಕೆ ನಾನು ಹೊರಡುತ್ತೇನೆ. ತಡವಾಗುವುದಿದ್ದರೆ ಐದೂವರೆಯೊಳಗೆ ತಿಳಿಸಿರಿ, ನೀವು ಹಿಂದಿನಿಂದ ಬನ್ನಿರಿ." ಮತ್ತೆ ಆ ಮಾತು ಎತ್ತಲಿಲ್ಲ. ಆರಾದಾಗ ಹೊರಟೇಬಿಟ್ಟಳು, ಅಲ್ಲಿ ಸಿಕ್ಕಾಗ ಮುಖ ಊದಿಸಿಕೊಳ್ಳಲೂ ಇಲ್ಲ. ಎರಡು ಸಲ ಅವರು ಗೊಣಗುತ್ತ ಬಂದರು. ಮೂರನೆಯ ಸಲ ಫೋನು ಬಂತು. ಹೀಗೆ ಒಬ್ಬಳೇ ಹೊರಟರೆ ಮನೆಯಲ್ಲಿ ಬೈಗುಳ, ಬೆದರಿಕೆ ಏಳುವುದಾದರೆ ಅದು ಗಡಿಯಾರದ ಮಾತಲ್ಲ. ಅಂಥವಳು ಮೊದಲು ನಂಬಿಕೆಯ ಹಿರಿಯರಿಗೆ ತಿಳಿಸಬೇಕು.

ತಂಗಿಯ ಮನೆಯಲ್ಲಿ ಈಗಲೂ ತಡವಾಗುವುದುಂಟು, ಆದರೆ ಸುದ್ದಿ ಬರುತ್ತದೆ. ಆ ನಗೆ ಇನ್ನೂ ಪೂರ್ತಿ ನಿಂತಿಲ್ಲವಂತೆ.