ಫೋಟೋ ಬಂತು, ಮೊದಲ ಮಾತು ಹೋಯಿತು

ಶ್ವೀಬರ್ಡಿಂಗೆನ್‌ನಿಂದ ಮಾತಾಡ್ತಿದ್ದೇನೆ. ಅಜ್ಜಿಯ ಅಡುಗೆ ಪುಸ್ತಕದ ಪುಟಗಳ ಫೋಟೋ ತೆಗೆದು, ಅಚ್ಚುಕಟ್ಟಾಗಿ ಬರೆದುಕೊಡಲು ಒಂದೊಂದಾಗಿ ಎಐ ಚಾಟ್‌ಗೆ ಹಾಕ್ತಿದ್ದೆ. "ಪಾವು, ಚಟಾಕು ಹಾಗೇ ಇರಲಿ, ಗ್ರಾಂ ಮಾಡಬೇಡ" ಅಂತ ಮೊದಲೇ ಹೇಳಿದ್ದೆ. ಇಪ್ಪತ್ತನೇ ಪುಟದ ಹೊತ್ತಿಗೆ ಗ್ರಾಂ ಶುರು!

ನೀವು ಏನೇ ಬರೆದರೂ ಹಳೆಯ ಮಾತು, ಹಳೆಯ ಫೋಟೋ ಎಲ್ಲವೂ ಮಾಡೆಲ್‌ಗೆ ಮತ್ತೆ ಹೋಗುತ್ತವೆ. ಅದು ಒಂದು ಸಲಕ್ಕೆ ಓದಬಲ್ಲ ಜಾಗಕ್ಕೆ ಮಿತಿಯಿದೆ. ಅಳತೆ ಟೋಕನ್ ಎಂಬ ಚೂರುಗಳಲ್ಲಿ. ಕ್ಲಾಡ್ ಮಾಡೆಲ್‌ಗಳಿಗೆ ಕೊಟ್ಟಿದ್ದ ಒಂದು ಅಂದಾಜಿನ ಲೆಕ್ಕ: ಅಗಲ, ಎತ್ತರದ ಪಿಕ್ಸೆಲ್‌ಗಳನ್ನು ಗುಣಿಸಿ 750ರಿಂದ ಭಾಗಿಸಿ. ಸಾವಿರಕ್ಕೆ ಸಾವಿರದ ಫೋಟೋಗೆ ಸುಮಾರು 1,333 ಟೋಕನ್. 32,000 ಟೋಕನ್‌ನ ಜಾಗವಾದರೆ 24 ಫೋಟೋಗೇ ಭರ್ತಿ. ಉತ್ತರಗಳೂ ಸೇರಿದರೆ ಇನ್ನೂ ಬೇಗ. ಆಗ ಕೆಲವು ಆ್ಯಪ್‌ಗಳು ಸದ್ದಿಲ್ಲದೆ ಹಳೆಯದನ್ನೇ ಮೊದಲು ಬಿಡುತ್ತವೆ. ನನ್ನ ಪಾವು, ಚಟಾಕು ಹೋದದ್ದು ಹಾಗೆ.

ಅನುಮಾನ ಬಂದರೆ "ನಾನು ಮೊದಲು ಏನು ಹೇಳಿದ್ದೆ?" ಅಂತ ಕೇಳಿ ನೋಡಿ. ಎಂಬಿ ಇಳಿಸಿದರೆ ಸಾಲದು, ಪಿಕ್ಸೆಲ್ ಇಳಿಯಬೇಕು. ಖಾಲಿ ಅಂಚು ಕತ್ತರಿಸಿ. ಆದರೆ ತೀರಾ ಕುಗ್ಗಿಸಿದರೆ ಅಜ್ಜಿಯ ಒತ್ತಕ್ಷರ ಓದಲಾಗದು. ನಾನೀಗ ಐದು ಪುಟಕ್ಕೊಂದು ಹೊಸ ಚಾಟ್ ತೆರೆದು, ಆ ಸಾಲನ್ನೇ ಮೊದಲು ಅಂಟಿಸ್ತೇನೆ.